ಒಂದೇ ಪದ್ಯದಲ್ಲಿ ಎರಡು ಕನ್ನಡ

ಕೇಳುಗರೇ, ನಮಸ್ಕಾರ.

ಹಳ್ಳಿಯ ಆಡುಮಾತನ್ನೂ ಗ್ರಾಂಥಿಕ ಕನ್ನಡವನ್ನೂ ಒಂದೇ ಪದ್ಯದೊಳಗೆ ತರುವುದು ಹೇಗೆ ಎಂಬುದನ್ನು ಈ ಹೊತ್ತು ನೋಡೋಣ. ಕೇಳಿದವರಿಗೆ ಅದು ತೇಪೆ ಹಚ್ಚಿದಂತೆ ಕಾಣಬಾರದು. ಇದಕ್ಕಾಗಿ ಮೂರು ಸಾಲಿನ ಒಂದು ಕರಡನ್ನು ತೆಗೆದುಕೊಂಡು, ಅದು ಎಲ್ಲಿ ಕೆಟ್ಟಿದೆ ಎಂದು ಹುಡುಕಿ ತಿದ್ದೋಣ. ಹತ್ತು ಪದ್ಯಗಳ ಮೇಲೆ ಕಣ್ಣಾಡಿಸುವುದಕ್ಕಿಂತ ಒಂದನ್ನು ಬಿಚ್ಚಿ ನೋಡಿದರೆ ಹೆಚ್ಚು ತಿಳಿಯುತ್ತದೆ.

ವಿಷಯ ಸಣ್ಣದು. ರಾತ್ರಿ ಹೊತ್ತು, ಆಳವಾದ ಬಾವಿ, ನೀರು ತಳ ಸೇರಿದೆ. ಒಬ್ಬ ಹೆಂಗಸು ಕೊಡ ಇಳಿಬಿಡುತ್ತಿದ್ದಾಳೆ. ಕರಡು ಹೀಗಿದೆ:

ನಿಶ್ಶಬ್ದ ಕೂಪದಾಗ ನಕ್ಷತ್ರ ಬಿಂಬೈತಿ,
ತಿಮಿರಾನ ಸೀಳ್ಕೊಂಡು ಕೊಡ ಇಳಿಯುತ್ತಿದೆ,
ರಜ್ಜುವಿಗೆ ರಜ್ಜು ಕಟ್ಟಿದ್ರೂನು ಜಲ ಬರವಲ್ದು.

ಕಿವಿಗೆ ಏನೋ ಚುಚ್ಚುತ್ತದೆ. ಆದರೆ ಯಾವುದು? ಒಂದೊಂದೇ ಪದವನ್ನು ಹೊರಗೆ ತೆಗೆದು ನೋಡಿದರೆ ತಪ್ಪಿಲ್ಲ. ‘ಕೂಪ’ ಒಳ್ಳೆಯ ಪದವೇ, ‘ಐತಿ’ ಕೂಡ ಒಳ್ಳೆಯ ಪದವೇ. ತಪ್ಪಿರುವುದು ಇವು ಕೂಡಿಕೊಂಡಿರುವ ಜಾಗದಲ್ಲಿ. ‘ಕೂಪದಾಗ’ ಎಂಬ ಮಾತನ್ನು ಯಾರ ಬಾಯಲ್ಲಿ ಇಡುತ್ತೀರಿ? ‘ಬಾವ್ಯಾಗ’ ಎನ್ನುವವರು ‘ಕೂಪ’ ಎನ್ನುವುದಿಲ್ಲ, ‘ಕೂಪ’ ಎಂದು ಬರೆಯುವವರು ‘ದಾಗ’ ಎನ್ನುವುದಿಲ್ಲ. ಕೇಳುವವರು ತಮಗೆ ಗೊತ್ತಿಲ್ಲದೆಯೇ ಆ ಮಾತಾಡಿದವರನ್ನು ಹುಡುಕುತ್ತಾರೆ. ಅಲ್ಲಿ ಯಾರೂ ಸಿಗುವುದಿಲ್ಲ. ಪದ್ಯದ ಮೇಲಿನ ನಂಬಿಕೆ ಅಲ್ಲಿಯೇ ಹೋಗುತ್ತದೆ.

ನನಗೆ ಕಾಣುವಂತೆ ಈ ಕೆಲಸದ ಮೊದಲ ಕಟ್ಟಳೆ ಇದು: ನುಡಿ ಯಾರದು ಎಂದು ಹೇಳಿಕೊಡುವುದು ನಾಮಪದಕ್ಕಿಂತ ಹೆಚ್ಚಾಗಿ ಅದರ ಬಾಲ. ವಿಭಕ್ತಿ ಪ್ರತ್ಯಯ, ಕ್ರಿಯಾಪದದ ಕೊನೆ, ಇವುಗಳಲ್ಲಿ ಮನುಷ್ಯನ ಊರು ಇರುತ್ತದೆ. ಆದ್ದರಿಂದ ಒಂದು ವಾಕ್ಯದೊಳಗೆ ಒಂದೇ ಬಗೆಯ ಬಾಲಗಳಿರಲಿ. ‘ದಲ್ಲಿ’ ಎಂದು ಹೊರಟ ವಾಕ್ಯ ‘ಇದೆ’ ಎಂದೇ ಮುಗಿಯಲಿ, ‘ದಾಗ’ ಎಂದು ಹೊರಟದ್ದು ‘ಐತಿ’ ಎಂದೇ ಮುಗಿಯಲಿ. ನುಡಿ ಬದಲಾಗಬೇಕಾದರೆ ವಾಕ್ಯ ಮುಗಿದ ಮೇಲೆ, ಸಾಲಿನ ತುದಿಯಲ್ಲಿ ಬದಲಾಗಲಿ. ಕರಡನ್ನು ಪರೀಕ್ಷಿಸಲು ಸುಲಭದ ದಾರಿಯಿದೆ. ಪೆನ್ಸಿಲ್ ಹಿಡಿದು ಪ್ರತಿ ಪದದ ಬಾಲಕ್ಕೆ ಮಾತ್ರ ಗೆರೆ ಎಳೆಯಿರಿ. ಹಳ್ಳಿ ಮಾತಿನದಕ್ಕೆ ಒಂದು ಗೆರೆ, ಗ್ರಾಂಥಿಕಕ್ಕೆ ಎರಡು. ಒಂದೇ ವಾಕ್ಯದಲ್ಲಿ ಎರಡೂ ಬಗೆಯ ಗೆರೆ ಕಂಡಲ್ಲಿ ತೊಡಕಿದೆ ಎಂದು ಗುರುತು ಹಾಕಿ. ನಮ್ಮ ಕರಡಿನ ಎರಡನೆಯ ಸಾಲು ನೋಡಿ: ‘ತಿಮಿರಾನ ಸೀಳ್ಕೊಂಡು’ ಎಂದು ಒಂದು ಗೆರೆಯಲ್ಲಿ ಹೊರಟು ‘ಇಳಿಯುತ್ತಿದೆ’ ಎಂದು ಎರಡು ಗೆರೆಯಲ್ಲಿ ನಿಂತಿದೆ.

ಬೆರಕೆಯ ಈ ಚಿಂತೆ ಕನ್ನಡಕ್ಕೆ ಹೊಸದಲ್ಲ. 12ನೆಯ ಶತಮಾನದ ನಯಸೇನ ಸಂಸ್ಕೃತವನ್ನು ಕನ್ನಡಕ್ಕೆ ಸುಮ್ಮನೆ ತುರುಕುವುದನ್ನು ಕಂಡು, ತುಪ್ಪವನ್ನೂ ಎಣ್ಣೆಯನ್ನೂ ಬೆರೆಸುವುದು ತಕ್ಕುದೇ ಎಂದು ಕೇಳಿದ. ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಸಮಾಸ ಮಾಡಿದರೆ ಅದು ಅರಿಸಮಾಸ ಎಂದು ವ್ಯಾಕರಣಕಾರರು ತಡೆದರು, ರೂಢಿಯಲ್ಲಿ ನಿಂತವನ್ನು ಮಾತ್ರ ಬಿಟ್ಟುಕೊಟ್ಟರು. ಇಂದಿನ ಕವಿತೆ ಆ ಕಟ್ಟಿಗೆ ಒಳಗಾಗಬೇಕಿಲ್ಲ. ಆದರೆ ಅವರ ಕಿವಿ ಗುರುತಿಸಿದ್ದು ನಿಜವಾದ ಜಾಗವನ್ನೇ. ಎರಡು ನುಡಿಗಳು ಒಂದೇ ಪದದೊಳಗೆ ಅಂಟಿಕೊಂಡಾಗ ಒಡೆಯುತ್ತವೆ, ನಡುವೆ ಒಂದು ಪ್ರತ್ಯಯದಷ್ಟು ಜಾಗ ಬಿಟ್ಟರೆ ನಿಲ್ಲುತ್ತವೆ. ಈ ಮಾತು ಕೊನೆಯ ಸಾಲಿನಲ್ಲಿ ನಮಗೆ ಬೇಕಾಗುತ್ತದೆ.

ಈಗ ಕರಡನ್ನು ಎರಡು ದನಿಗಳಾಗಿ ಬಿಡಿಸೋಣ. ನೋಡುತ್ತಿರುವ ದನಿ ಒಂದು, ಅದಕ್ಕೆ ಗ್ರಾಂಥಿಕ ಕನ್ನಡ. ಹಗ್ಗ ಹಿಡಿದಿರುವ ಹೆಂಗಸಿನ ದನಿ ಇನ್ನೊಂದು, ಅದಕ್ಕೆ ಉತ್ತರ ಕರ್ನಾಟಕದ ಹಳ್ಳಿಮಾತು. ಮೊದಲೆರಡು ಸಾಲು ನೋಡುವ ದನಿಯದು:

ನಿಶ್ಶಬ್ದ ಕೂಪದಲಿ ನಕ್ಷತ್ರ ಬಿಂಬ
ಇಳಿಯುತಿದೆ ಕೊಡವೊಂದು ತಿಮಿರವನು ಸೀಳಿ

ಒಂದು ದನಿಗೆ ಕಡಿಮೆಯೆಂದರೆ ಎರಡು ಸಾಲು ಕೊಡಿ. ಕಿವಿ ಅದಕ್ಕೆ ಹೊಂದಿಕೊಳ್ಳಲು ಅಷ್ಟಾದರೂ ಬೇಕು. ಸಾಲಿಗೊಮ್ಮೆ ನುಡಿ ಬದಲಾದರೆ ಎರಡು ದನಿಗಳು ಕೇಳಿಸುವುದಿಲ್ಲ, ಗೊಂದಲ ಒಂದೇ ಕೇಳಿಸುತ್ತದೆ. ಇದಕ್ಕೆ ವಿರುದ್ಧದ ತಪ್ಪೂ ಉಂಟು. ಹನ್ನೆರಡು ಸಾಲಿನ ಪದ್ಯದಲ್ಲಿ ಹತ್ತು ಸಾಲು ಶುದ್ಧ ಗ್ರಾಂಥಿಕವಾಗಿ ಸಾಗಿ ಹನ್ನೊಂದನೆಯದರಲ್ಲಿ ದಿಢೀರನೆ ‘ಐತಿ’ ಬಂದರೆ, ಓದುವವರು ಅದನ್ನು ಅಚ್ಚಿನ ತಪ್ಪೆಂದೇ ತಿಳಿಯುತ್ತಾರೆ. ಎರಡು ನುಡಿಗಳ ಪದ್ಯ ಇದು ಎಂಬ ಸೂಚನೆ ಮೊದಲ ಮೂರನೆಯ ಒಂದು ಭಾಗದೊಳಗೇ ಸಿಗಬೇಕು.

ಇನ್ನು ಹೆಂಗಸಿನ ಮಾತು:

ಹಗ್ಗಕ್ಕ ಹಗ್ಗ ಕಟ್ಟಿದ್ರೂನು ಯವ್ವ
ಕೊಡದಾಗ ಬರವಲ್ದು ಒಂದ್ಬೊಗಸಿ ನೀರ

ದಾಟುವ ಜಾಗದಲ್ಲಿ ‘ಕೊಡ’ ಇದೆ. ಎರಡನೆಯ ಸಾಲಿನ ‘ಕೊಡವೊಂದು’ ನಾಲ್ಕನೆಯ ಸಾಲಿನಲ್ಲಿ ‘ಕೊಡದಾಗ’ ಆಯಿತು. ಪದ ಅದೇ, ಬಾಲ ಬೇರೆ. ಕೊಡ, ನೀರು, ಹಗ್ಗ, ಬೆಳಕು, ಇಳಿ, ಏರು, ಇಂಥವು ಯಾವ ನುಡಿಗೂ ಹೊರಗಿನವಲ್ಲ. ಒಂದು ದನಿಯಿಂದ ಇನ್ನೊಂದಕ್ಕೆ ಹೋಗುವಾಗ ಇಂಥ ಪದವೊಂದನ್ನು ಈಚೆಗೂ ಆಚೆಗೂ ಇಡಿ, ಅದು ಸಂಕದಂತೆ ಕೆಲಸ ಮಾಡುತ್ತದೆ. ಕರಡಿನಲ್ಲಿದ್ದ ‘ರಜ್ಜು’, ‘ಜಲ’ ಎರಡನ್ನೂ ಬಿಟ್ಟದ್ದು ಇದಕ್ಕೇ. ಅವು ಸಂಕವನ್ನೇ ಕಿತ್ತುಹಾಕಿದ್ದವು.

‘ಬರವಲ್ದು’ ಎಂಬುದರ ಹತ್ತಿರ ಸ್ವಲ್ಪ ನಿಲ್ಲಬೇಕು. ಇದು ‘ಬರಲೊಲ್ಲದು’ ಎಂಬುದರ ಸವೆದ ರೂಪ. ‘ಒಲ್ಲೆ’, ‘ಒಲ್ಲದು’ ಎಂಬ ಹಳೆಯ ಕಾವ್ಯಗಳ ಕ್ರಿಯಾಪದ ಅದರೊಳಗೆ ಇನ್ನೂ ಉಸಿರಾಡುತ್ತಿದೆ. ನೀರು ಬರುವುದಿಲ್ಲ ಎಂದಷ್ಟೇ ಅಲ್ಲ, ಬರಲು ಒಲ್ಲೆನೆನ್ನುತ್ತಿದೆ. ಪಾಠಪುಸ್ತಕದ ಗದ್ಯಕ್ಕಿಂತ ಹಳ್ಳಿಯ ಮಾತು ಹಳಗನ್ನಡಕ್ಕೆ ಹತ್ತಿರ ನಿಲ್ಲುವ ಇಂಥ ಜಾಗಗಳು ಬಹಳ. ಬೆರಸುವ ಕವಿಗೆ ಇವೇ ಬಂಡವಾಳ. ಇವನ್ನು ಗ್ರಾಂಥಿಕ ಸಾಲಿನ ಪಕ್ಕ ಇಟ್ಟರೆ ನಂಟು ತಾನಾಗಿ ಕಾಣುತ್ತದೆ.

ಈಗ ಲಯ. ನಾಲ್ಕೂ ಸಾಲುಗಳಲ್ಲಿ ಐದು ಮಾತ್ರೆಯ ಗಣ ಮೂರು, ಕೊನೆಗೆ ಮೂರು ಮಾತ್ರೆಯದೊಂದು ತುಂಡು. ‘ನಿಶ್ಶಬ್ದ’ ಐದು, ‘ಕೂಪದಲಿ’ ಐದು, ‘ನಕ್ಷತ್ರ’ ಐದು, ‘ಬಿಂಬ’ ಮೂರು. ಹೆಂಗಸಿನ ಸಾಲೂ ಅಷ್ಟೇ: ‘ಕೊಡದಾಗ’ ಐದು, ‘ಬರವಲ್ದು’ ಐದು, ‘ಒಂದ್ಬೊಗಸಿ’ ಐದು, ‘ನೀರ’ ಮೂರು. ಇದು ಹೇಗೆ ಕೂಡುತ್ತದೆ ಎಂದರೆ, ಸಂಸ್ಕೃತ ಪದ ಹುಟ್ಟಿನಿಂದಲೇ ಒತ್ತಕ್ಷರಗಳನ್ನು ಹೊತ್ತು ಬರುತ್ತದೆ, ಆಡುಮಾತು ನಡುವಿನ ಸ್ವರವನ್ನು ನುಂಗಿ ಒತ್ತಕ್ಷರ ಮಾಡಿಕೊಳ್ಳುತ್ತದೆ. ‘ಬರಲೊಲ್ಲದು’ ಆರು ಮಾತ್ರೆ, ‘ಬರವಲ್ದು’ ಐದು. ‘ಮಾಡುತ್ತಾನೆ’ ಏಳು, ‘ಮಾಡ್ತಾನೆ’ ಐದು. ಹೀಗೆ ಎರಡು ನುಡಿಗಳೂ ಬೇರೆ ಬೇರೆ ದಾರಿಯಿಂದ ಬಂದು ಅದೇ ತೂಕಕ್ಕೆ ನಿಲ್ಲುತ್ತವೆ. ಲಯ ಒಂದೇ ಇದ್ದರೆ ನುಡಿ ಎರಡಾದರೂ ಪದ್ಯ ಒಂದೇ ಎಂದು ಕಿವಿ ಒಪ್ಪಿಕೊಳ್ಳುತ್ತದೆ. ನುಡಿಯೂ ಲಯವೂ ಒಟ್ಟಿಗೇ ಬದಲಾದರೆ ಎರಡು ಪದ್ಯಗಳನ್ನು ಅಂಟಿಸಿದಂತಾಗುತ್ತದೆ. ಕರಡಿನ ‘ಕೂಪದಾಗ’ ಎಣಿಸಿ ನೋಡಿ, ಆರು ಮಾತ್ರೆ. ಗಣವೇ ಅದನ್ನು ಹೊರಗೆ ತಳ್ಳುತ್ತಿತ್ತು.

ಎಣಿಸುವಾಗ ಒಂದು ಎಚ್ಚರ. ‘ಬ್ಯಾಡ’, ‘ಮ್ಯಾಲ’, ‘ಹ್ಯಾಂಗ’, ಇವುಗಳಲ್ಲಿ ಬರೆಯುವಾಗ ಯ-ಒತ್ತು ಕಾಣುತ್ತದೆ. ಆದರೆ ಬಾಯಲ್ಲಿ ಅದು ಅಗಲವಾದ ಒಂದು ಸ್ವರ, ಅಷ್ಟೇ. ಒತ್ತಕ್ಷರವೆಂದುಕೊಂಡು ಹಿಂದಿನ ಅಕ್ಷರವನ್ನು ಗುರು ಮಾಡಿದರೆ ಲೆಕ್ಕ ತಪ್ಪುತ್ತದೆ. ಹಳ್ಳಿಮಾತಿಗೆ ಕಿವಿಯೇ ಅಳತೆಗೋಲು, ಲಿಪಿ ಅಲ್ಲ.

ಹಾಗೆಯೇ ಒಂದೇ ಸೀಮೆಯ ಮಾತನ್ನು ಹಿಡಿಯಿರಿ. ‘ಐತಿ’ ಬಡಗಣದ್ದು, ‘ಐತೆ’ ಹಳೇ ಮೈಸೂರಿನದು. ‘ಹ್ಯಾಂಗ’ ಎಂದವಳು ಮುಂದಿನ ಸಾಲಿನಲ್ಲಿ ‘ಎಂಗೆ’ ಎನ್ನಲಾರಳು. ಎಲ್ಲಾ ಸೀಮೆಗಳಿಂದ ಹೆಕ್ಕಿ ಕಟ್ಟಿದ ಹಳ್ಳಿಮಾತು ಯಾವ ಹಳ್ಳಿಯದೂ ಅಲ್ಲ, ಆ ನುಡಿಯವರಿಗೆ ಅದು ಮೊದಲ ಸಾಲಿನಲ್ಲೇ ತಿಳಿದುಬಿಡುತ್ತದೆ. ಹಳ್ಳಿಯ ಬಾಯಲ್ಲಿ ಸಂಸ್ಕೃತವೇ ಬಾರದು ಎಂದುಕೊಳ್ಳುವುದೂ ತಪ್ಪು. ಪುರಾಣ, ಬಯಲಾಟ, ತತ್ವಪದಗಳನ್ನು ಕೇಳಿದ ಬಾಯಿ ಅದು. ಆದರೆ ಅಲ್ಲಿ ‘ವರ್ಷ’ ‘ವರ್ಸ’ ಆಗಿ, ‘ಆಕಾಶ’ ‘ಆಕಾಸ’ ಆಗಿ ಬರುತ್ತದೆ.

ಉಳಿದದ್ದು ಎಲ್ಲಕ್ಕಿಂತ ದೊಡ್ಡ ತಪ್ಪು, ವ್ಯಾಕರಣಕ್ಕೆ ಸಿಗದ್ದು. ಬಹಳ ಪದ್ಯಗಳಲ್ಲಿ ಹಳ್ಳಿಮಾತಿಗೆ ಕಣ್ಣೀರು, ಗ್ರಾಂಥಿಕಕ್ಕೆ ವಿಚಾರ ಎಂದು ಪಾಲು ಹಂಚಿಬಿಟ್ಟಿರುತ್ತಾರೆ. ಹಳ್ಳಿಯವಳು ಗೋಳಾಡುತ್ತಾಳೆ, ಕವಿ ಅರ್ಥ ಹೇಳುತ್ತಾನೆ. ಬಾಲಗಳೆಲ್ಲ ಸರಿಯಿದ್ದರೂ ಇಂಥ ಪದ್ಯ ಸುಳ್ಳಾಗುತ್ತದೆ. ಅವಳ ನುಡಿ ಅಲ್ಲಿ ಅಲಂಕಾರಕ್ಕೆ ಮಾತ್ರ ಬಂದಿದೆ. ನಮ್ಮ ನಾಲ್ಕು ಸಾಲೂ ಇಲ್ಲಿಯವರೆಗೆ ಅದೇ ಗುಂಡಿಯ ಅಂಚಿನಲ್ಲಿವೆ. ಆದ್ದರಿಂದ ಪದ್ಯದ ಹೊಳಹನ್ನು ಅವಳಿಗೇ ಕೊಡಬೇಕು:

ಚಿಕ್ಕೀಗಿ ಇಳಿಯಾಕ ಹಗ್ಗಾನ ಬ್ಯಾಡ

ನೋಡುವ ದನಿ ‘ನಕ್ಷತ್ರ’ ಎಂದದ್ದನ್ನು ಅವಳು ‘ಚಿಕ್ಕಿ’ ಎಂದಳು. ಬಾವಿಗೆ ಇಳಿಯಲು ಚಿಕ್ಕಿಗೆ ಹಗ್ಗವೇ ಬೇಡ, ತನಗೆ ಹಗ್ಗಕ್ಕೆ ಹಗ್ಗ ಕಟ್ಟಿದರೂ ಸಾಲದು. ಈ ಯೋಚನೆ ಗ್ರಾಂಥಿಕ ಸಾಲುಗಳಿಗೆ ಹೊಳೆದಿರಲಿಲ್ಲ. ಇದಾದ ಮೇಲೆ ಮೊದಲ ದನಿ ಮತ್ತೆ ಬರುವಾಗ ಅದು ಮೊದಲಿನಂತೆಯೇ ಇರಬಾರದು, ಅವಳಿಂದ ಏನನ್ನಾದರೂ ಪಡೆದಿರಬೇಕು. ಪದವೊಂದನ್ನು ಪಡೆಯಲಿ. ‘ಚಿಕ್ಕಿಬಿಂಬ’ ಎಂದರೆ ಅರಿಸಮಾಸ, ಕಿವಿಗೂ ಒರಟು. ‘ಚಿಕ್ಕಿಯದೆ ಬಿಂಬ’ ಎಂದು ಪ್ರತ್ಯಯದಷ್ಟು ಜಾಗ ಬಿಟ್ಟರೆ, ಐದು ಮಾತ್ರೆ ಮೂರು ಮಾತ್ರೆ ಕೂಡಿ ಸಾಲು ತುಂಬುತ್ತದೆ. ಬಾಲಗಳು ಗ್ರಾಂಥಿಕವಾಗಿಯೇ ಉಳಿದು, ಅವಳ ಪದವೊಂದು ಒಳಗೆ ಬಂದು ಕೂರುತ್ತದೆ.

ಇಡೀ ಪದ್ಯವನ್ನು ಒಮ್ಮೆ ಓದುತ್ತೇನೆ. ದನಿ ಬದಲಿಸದೆ ಒಂದೇ ಸಮನೆ ಓದುತ್ತೇನೆ. ಓದುವವರು ನಟಿಸದೆಯೂ ಇಬ್ಬರು ಕೇಳಿಸುತ್ತಾರೆಯೇ ಎಂದು ನೋಡಲು ಅದೇ ಸರಿಯಾದ ಒರೆಗಲ್ಲು.

ನಿಶ್ಶಬ್ದ ಕೂಪದಲಿ ನಕ್ಷತ್ರ ಬಿಂಬ
ಇಳಿಯುತಿದೆ ಕೊಡವೊಂದು ತಿಮಿರವನು ಸೀಳಿ
ಹಗ್ಗಕ್ಕ ಹಗ್ಗ ಕಟ್ಟಿದ್ರೂನು ಯವ್ವ
ಕೊಡದಾಗ ಬರವಲ್ದು ಒಂದ್ಬೊಗಸಿ ನೀರ
ಚಿಕ್ಕೀಗಿ ಇಳಿಯಾಕ ಹಗ್ಗಾನ ಬ್ಯಾಡ
ನಿಶ್ಶಬ್ದ ಕೂಪದಲಿ ಚಿಕ್ಕಿಯದೆ ಬಿಂಬ