ಒಂದು ಲೋಟ ಕಾಫಿಗೆ ಎಷ್ಟು ಬೀಳುತ್ತದೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಮೈಸೂರಿನ ಒಂದು ಬಡಾವಣೆಯಲ್ಲಿ ನನ್ನದೊಂದು ಪುಟ್ಟ ಕಾಫಿ ಅಂಗಡಿ ಇದೆ. ಎಂಟಡಿ ಉದ್ದ, ಆರಡಿ ಅಗಲ. ಕೂರೋಕೆ ಜಾಗವಿಲ್ಲ, ನಿಂತೇ ಕುಡಿಯಬೇಕು. ಶುರು ಮಾಡಿದಾಗ ಫಿಲ್ಟರ್ ಕಾಫಿಗೆ 15 ರೂಪಾಯಿ ಅಂತ ಬೋರ್ಡಿನಲ್ಲಿ ಬರೆದೆ. ಯಾಕೆ 15? ಎದುರಿನ ಅಂಗಡಿಯಲ್ಲಿ 15 ಇತ್ತು, ಅಷ್ಟೇ. ಜನ ಬಂದರು, ಗಲ್ಲಾಪೆಟ್ಟಿಗೆ ತುಂಬಿದ ಹಾಗೆ ಕಾಣುತ್ತಿತ್ತು. ತಿಂಗಳ ಕೊನೆಗೆ ಬಾಡಿಗೆ ಕೊಟ್ಟು, ಹುಡುಗನ ಸಂಬಳ ಕೊಡುವಾಗ ಮಾತ್ರ ಮನೆಯಿಂದ ದುಡ್ಡು ತರಬೇಕಾಯಿತು. ಆವತ್ತು ರಾತ್ರಿ ಕೂತು ಮಾಡಿದ ಲೆಕ್ಕವನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ. ಹತ್ತಿರ ಪೆನ್ನು ಕಾಗದ ಇದ್ದರೆ ಇಟ್ಟುಕೊಳ್ಳಿ. ನಾನು ಹೇಳುವ ದರಗಳು ನನ್ನ ಅಂಗಡಿಯವು. ಆ ಜಾಗದಲ್ಲಿ ನಿಮ್ಮ ಊರಿನ ದರ ಹಾಕಿಕೊಂಡರಾಯಿತು.

ಮೊದಲು ಡಿಕಾಕ್ಷನ್. ನಾನು ಬಳಸುವುದು ಕಾಫಿ ಎಂಬತ್ತು ಪಾಲು, ಚಿಕೋರಿ ಇಪ್ಪತ್ತು ಪಾಲು ಇರುವ ಪುಡಿ. ಕೆಜಿಗೆ 720 ರೂಪಾಯಿ. ದೊಡ್ಡ ಫಿಲ್ಟರಿಗೆ ಒಂದು ಸಲಕ್ಕೆ ಕಾಲು ಕೆಜಿ ಹಾಕುತ್ತೇನೆ. ಅದರ ಮೇಲೆ ಎರಡು ಕಂತಿನಲ್ಲಿ ಒಂದೂಕಾಲು ಲೀಟರ್ ಕುದಿಯುವ ನೀರು. ಕೆಳಗೆ ಇಳಿಯುವುದು ಮುಕ್ಕಾಲು ಲೀಟರ್ ಮಾತ್ರ. ಉಳಿದ ಅರ್ಧ ಲೀಟರ್ ಎಲ್ಲಿ ಹೋಯಿತು? ಪುಡಿಯೇ ಕುಡಿದುಬಿಡುತ್ತದೆ. ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಹೊಸದಾಗಿ ಲೆಕ್ಕ ಹಾಕುವವರು ಹಾಕಿದ ನೀರಷ್ಟೂ ಡಿಕಾಕ್ಷನ್ ಅಂದುಕೊಂಡು ಇಲ್ಲೇ ಎಡವುತ್ತಾರೆ. ಆ ಮುಕ್ಕಾಲು ಲೀಟರನ್ನು ಕಪ್ಪಿಗೆ 25 ಎಂಎಲ್‌ನಂತೆ ಹಾಕಿದರೆ 30 ಕಪ್. ಪುಡಿಗೆ ಬಿದ್ದಿದ್ದು 180 ರೂಪಾಯಿ. ಅಂದರೆ ಕಪ್ಪಿಗೆ 6 ರೂಪಾಯಿ.

ಇನ್ನು ಹಾಲು. ಲೀಟರಿಗೆ 50 ರೂಪಾಯಿ. ಕಪ್ಪಿಗೆ 80 ಎಂಎಲ್ ಅಂದರೆ ಕಾಗದದ ಮೇಲೆ ಹನ್ನೆರಡೂವರೆ ಕಪ್ ಬರಬೇಕು. ನನಗೆ ಬರುವುದು 11. ಹಾಲು ಒಲೆಯ ಮೇಲೆ ಕೂತಷ್ಟು ಹೊತ್ತೂ ಆವಿಯಾಗುತ್ತದೆ, ಕೆನೆ ಕಟ್ಟುತ್ತದೆ, ಪಾತ್ರೆಯ ತಳಕ್ಕೆ ಹಿಡಿಯುತ್ತದೆ, ಒಂದೊಂದು ದಿನ ಉಕ್ಕುತ್ತದೆ. ಹಾಗಾಗಿ ಕಪ್ಪಿಗೆ ನಾಲ್ಕೂವರೆ ರೂಪಾಯಿ ಹಿಡಿಯಬೇಕು. ಸಕ್ಕರೆ 35 ಪೈಸೆ, ಪೇಪರ್ ಕಪ್ 80 ಪೈಸೆ. ಸಂಜೆ ಉಳಿದು ಚೆಲ್ಲುವ ಡಿಕಾಕ್ಷನ್, ಒಡೆದ ಹಾಲು, ಕೈತಪ್ಪಿ ಬಿದ್ದ ಕಪ್, ಎಲ್ಲ ಸೇರಿ 60 ಪೈಸೆ. ಕೂಡಿಸಿದರೆ 12 ರೂಪಾಯಿ 25 ಪೈಸೆ ಆಯಿತು. ಇದಕ್ಕೆ ನಾನು ಕಪ್ಪಿನ ಖರ್ಚು ಅನ್ನುತ್ತೇನೆ. ಒಂದು ಕಪ್ ಜಾಸ್ತಿ ಮಾರಿದರೆ ಇಷ್ಟು ಜಾಸ್ತಿ, ಮಾರದಿದ್ದರೆ ಇದು ಇಲ್ಲ.

ಗ್ಯಾಸ್ ಯಾಕೆ ಸೇರಿಸಲಿಲ್ಲ ಅಂತ ಕೇಳಬಹುದು. ಬೇಕಂತಲೇ ಬಿಟ್ಟಿದ್ದೇನೆ. ಗಿರಾಕಿ ಬರಲಿ ಬಿಡಲಿ, ಹಾಲಿನ ಕೆಳಗೆ ಸಣ್ಣ ಉರಿ ಇದ್ದೇ ಇರುತ್ತದೆ. ಅದು ಕಪ್ಪಿನ ಖರ್ಚಲ್ಲ, ಬಾಗಿಲು ತೆಗೆದ ಖರ್ಚು. ಮನೆಯ ಸಿಲಿಂಡರನ್ನು ಅಂಗಡಿಗೆ ತರುವಂತಿಲ್ಲ, 19 ಕೆಜಿಯ ಕಮರ್ಷಿಯಲ್ ಸಿಲಿಂಡರೇ ಬೇಕು. 1,800 ರೂಪಾಯಿಯ ಒಂದು ಸಿಲಿಂಡರ್ ನನಗೆ ಒಂಬತ್ತು ದಿನ ಬರುತ್ತದೆ. ದಿನಕ್ಕೆ 200. ತಿಂಗಳಿಗೆ 26 ದಿನ ಅಂಗಡಿ ಅಂದುಕೊಂಡರೆ ಬಾಡಿಗೆ ದಿನಕ್ಕೆ 230. ಹುಡುಗನಿಗೆ 500. ಲೈಟು, ಫ್ರಿಜ್ಜಿನ ಕರೆಂಟಿಗೆ 70. ನನ್ನ ಕೂಲಿ 700. ಹೌದು, ನನ್ನದೂ ಬರೆಯಬೇಕು. ಬೆಳಗ್ಗೆ ಐದಕ್ಕೆ ಎದ್ದು ಬರುವವನು ಸುಮ್ನೆ ಬರುತ್ತಾನಾ? ಒಟ್ಟು 1,700 ರೂಪಾಯಿ. ಒಂದು ಕಪ್ಪೂ ಹೋಗದಿದ್ದರೂ ಇಷ್ಟು ಹೋಗುತ್ತದೆ.

ಈಗ 15 ರೂಪಾಯಿಯ ಕಾಫಿಯನ್ನು ನೋಡಿ. ಕಪ್ಪಿನ ಖರ್ಚು ಕಳೆದರೆ ಉಳಿಯುವುದು ಎರಡೂ ಮುಕ್ಕಾಲು ರೂಪಾಯಿ. 1,700 ತುಂಬಬೇಕಾದರೆ ದಿನಕ್ಕೆ 619 ಕಪ್ ಮಾರಬೇಕು. ನನ್ನಲ್ಲಿ ಹೋಗುತ್ತಿದ್ದದ್ದು 160. ಎದುರಿನವರಿಗೆ 15ಕ್ಕೆ ಹೇಗೆ ಗಿಟ್ಟುತ್ತದೆ ಅಂದರೆ, ಅವರಲ್ಲಿ ಇಡ್ಲಿ ವಡೆಯೂ ಇದೆ, ಜಾಗವೂ ಸ್ವಂತದ್ದು. ಅವರ ಬೋರ್ಡು ನೋಡಿ ನಾನು ದರ ಬರೆದಿದ್ದು, ಪಕ್ಕದವನ ಕಾಲಿನ ಅಳತೆಗೆ ನಾನು ಚಪ್ಪಲಿ ಹೊಲಿಸಿಕೊಂಡ ಹಾಗಾಗಿತ್ತು.

20 ರೂಪಾಯಿ ಮಾಡಿದರೆ ಕಪ್ಪಿಗೆ ಏಳೂ ಮುಕ್ಕಾಲು ಉಳಿಯುತ್ತದೆ. ಐದು ರೂಪಾಯಿ ಏರಿಸಿದರೆ ಉಳಿಕೆ ಹತ್ತಿರ ಹತ್ತಿರ ಮೂರರಷ್ಟಾಯಿತು, ಅಲ್ವಾ? ಆಗಲೂ 1,700 ತುಂಬಲು 220 ಕಪ್ ಬೇಕು. 160 ಕಪ್ಪಿಗೆ ಸಿಗುವುದು 1,240. ದಿನಕ್ಕೆ 460 ಕಡಿಮೆ.

ಆ 460ಕ್ಕಾಗಿಯೇ ನಾನು ಎಸ್ಪ್ರೆಸೊ ಯಂತ್ರ ತಂದೆ. ಕಾಫಿ ಇಳಿಸುವ ಬಾಯಿ ಒಂದೇ ಇರುವ ಯಂತ್ರ, ಜೊತೆಗೊಂದು ಗ್ರೈಂಡರ್, ಎರಡೂ ಸೇರಿ 1,20,000. ಮೂರು ವರ್ಷಕ್ಕೆ ಹಂಚಿದರೆ ದಿನಕ್ಕೆ 130 ರೂಪಾಯಿ. ಇಡೀ ದಿನ ಬಿಸಿಯಾಗಿರಬೇಕು, ಕರೆಂಟಿಗೆ 50. ರಬ್ಬರ್ ಗ್ಯಾಸ್ಕೆಟ್ ಬದಲಾಯಿಸುವುದು, ಬಾಯ್ಲರಿನ ಸುಣ್ಣ ತೆಗೆಸುವುದು, ಇದಕ್ಕೆ 20. ಇನ್ನೊಂದು ಖರ್ಚನ್ನು ಯಂತ್ರ ಮಾರುವವರು ಹೇಳುವುದೇ ಇಲ್ಲ. ಯಂತ್ರದಿಂದ ಒಂದು ಸಲಕ್ಕೆ ಇಳಿಸುವ ಕಾಫಿಗೆ ಶಾಟ್ ಅನ್ನುತ್ತಾರೆ. ಬೆಳಗಿನ ಮೊದಲ ಎರಡು ಮೂರು ಶಾಟ್ ಚೆಲ್ಲಲೇಬೇಕು. 18 ಗ್ರಾಂ ಪುಡಿಗೆ 36 ಗ್ರಾಂ ಕಾಫಿ 25ರಿಂದ 30 ಸೆಕೆಂಡಿನಲ್ಲಿ ಇಳಿಯಬೇಕು ಅಂತ ನನ್ನ ಲೆಕ್ಕ. ಹವೆಯಲ್ಲಿ ತೇವ ಹೆಚ್ಚುಕಡಿಮೆಯಾದರೆ, ಬೀಜ ಹಳೆಯದಾದರೆ, ಅದೇ ಗ್ರೈಂಡಿನಲ್ಲಿ 15 ಸೆಕೆಂಡಿಗೆ ನೀರಿನ ಹಾಗೆ ಹರಿದುಬಿಡುತ್ತದೆ, ಬಾಯಿಗೆ ಹುಳಿ. ಇಲ್ಲವೇ ತೊಟ್ಟಿಕ್ಕಿ ತೊಟ್ಟಿಕ್ಕಿ ಕಹಿಯಾಗುತ್ತದೆ. ಗ್ರೈಂಡರ್ ತಿರುಗಿಸಿ ಸರಿ ಮಾಡುವಷ್ಟರಲ್ಲಿ ಮೂರು ಶಾಟ್ ಸಿಂಕಿಗೆ. ಬೀಜ ಕೆಜಿಗೆ 1,200, ಅಂದರೆ ದಿನಾ 65 ರೂಪಾಯಿ ಚೆಲ್ಲಿದಂತೆ. ಒಟ್ಟು ಯಂತ್ರದ ದಿನದ ಖರ್ಚು 265.

ಬರೀ ಎಸ್ಪ್ರೆಸೊ ಕೇಳುವವರು ನಮ್ಮಲ್ಲಿ ವಾರಕ್ಕೆ ನಾಲ್ಕು ಜನ. ಹೋಗುವುದೆಲ್ಲ ಕ್ಯಾಪುಚಿನೊ. ಅದರ ಕಪ್ಪಿನ ಖರ್ಚು: ಬೀಜ ಇಪ್ಪತ್ತೊಂದೂವರೆ, ಹಾಲು ಚೆಲ್ಲಿದ್ದೂ ಸೇರಿ 9, ದಪ್ಪ ಕಪ್ ಮತ್ತು ಮುಚ್ಚಳಕ್ಕೆ 4, ಸಕ್ಕರೆ. 35 ರೂಪಾಯಿ.

ಇಲ್ಲಿ ಒಬ್ಬ ಸ್ನೇಹಿತರು ಬುದ್ಧಿ ಹೇಳಿದರು. "ಸಾಮಾನಿನ ಖರ್ಚು ಬೆಲೆಯ ಮೂವತ್ತು ಪರ್ಸೆಂಟ್ ಇರಬೇಕು ಕಣ್ರೀ, ಕೆಫೆಯವರ ರೂಲು ಅದು" ಅಂದರು. ಆ ರೂಲಿನ ಪ್ರಕಾರ ಕ್ಯಾಪುಚಿನೊ 117 ರೂಪಾಯಿ, ಫಿಲ್ಟರ್ ಕಾಫಿ 41. ರಸ್ತೆ ಬದಿಯಲ್ಲಿ ನಿಂತು ಕುಡಿಯುವ ಫಿಲ್ಟರ್ ಕಾಫಿಗೆ 41 ಅಂದರೆ ಗಿರಾಕಿ ಮುಖ ನೋಡಿ ನಕ್ಕು ಹೋಗುತ್ತಾನೆ. ಆ ರೂಲು ಎಸಿ ಹಾಕಿ, ಸೋಫಾ ಹಾಕಿ, ಎರಡು ಗಂಟೆ ಕೂರಲು ಬಿಡುವವರದು. ನಾನು ಪರ್ಸೆಂಟ್ ಬಿಟ್ಟು ರೂಪಾಯಿ ಎಣಿಸುತ್ತೇನೆ. ಕ್ಯಾಪುಚಿನೊಗೆ 80 ಇಟ್ಟರೆ ಕಪ್ಪಿಗೆ 45 ಉಳಿಯುತ್ತದೆ. ಆರು ಕಪ್ಪಿಗೆ ಯಂತ್ರದ ಖರ್ಚು ತೀರಿತು. ದಿನಕ್ಕೆ 17 ಕಪ್ ಹೋದರೆ 500 ರೂಪಾಯಿ ಕೈಗೆ. ಕೊರತೆ ಇದ್ದ 460 ತುಂಬಿತು. ದಿನಕ್ಕೆ ಆರು ಕಪ್ಪೂ ಹೋಗದ ಜಾಗವಾದರೆ ಯಂತ್ರ ತರಲೇಬೇಡಿ. ಅದು ಹೊಳೆಯುತ್ತಾ ನಿಂತು ನಿಮ್ಮ ಫಿಲ್ಟರ್ ಕಾಫಿಯ ದುಡ್ಡು ತಿನ್ನುತ್ತದೆ.

ಆದರೆ ಬೆಳಗ್ಗೆ ಏಳೂವರೆಯಿಂದ ಒಂಬತ್ತರವರೆಗೆ ನಾನು ಆ ಯಂತ್ರವನ್ನು ಮುಟ್ಟುವುದಿಲ್ಲ. ಶಾಟ್ ಇಳಿಸಿ, ಹಾಲಿಗೆ ನೊರೆ ಬರಿಸಿ, ಸ್ಟೀಮ್ ಕೊಳವೆ ಒರೆಸಿ ಒಂದು ಕ್ಯಾಪುಚಿನೊ ಕೊಡಲು ಮೂರು ನಿಮಿಷ ಬೇಕು. ಅಷ್ಟರಲ್ಲಿ ಎಂಟು ಫಿಲ್ಟರ್ ಕಾಫಿ ಎತ್ತಿ ಹೊಯ್ದು ಕೊಡಬಹುದು. ಎಂಟಕ್ಕೆ ಉಳಿಯುವುದು 62 ರೂಪಾಯಿ, ಒಂದು ಕ್ಯಾಪುಚಿನೊಗೆ 45. ಆಫೀಸಿಗೆ ಓಡುವವರು ಕಾಯುವುದಿಲ್ಲ, ಗಾಡಿ ತಿರುಗಿಸಿಕೊಂಡು ಹೋಗುತ್ತಾರೆ. ಹಾಗಾಗಿ ಬೋರ್ಡಿನಲ್ಲಿ "ಕ್ಯಾಪುಚಿನೊ ಬೆಳಗ್ಗೆ 9ರ ನಂತರ" ಅಂತ ಬರೆದಿದ್ದೇನೆ. ಮೊದಲು ಒಂದಿಬ್ಬರು ಮುನಿಸಿಕೊಂಡರು. ಈಗ ಅವರೇ ಹತ್ತಕ್ಕೆ ಬರುತ್ತಾರೆ.

ಇನ್ನು ನಮ್ಮ ಬೈ ಟೂ. ಒಂದು ಕಾಫಿ, ಇಬ್ಬರಿಗೆ. ಇದನ್ನು ಬಹಳ ದಿನ ಒಂದು ಕಾಫಿಯ ದರಕ್ಕೇ ಕೊಡುತ್ತಿದ್ದೆ. ಒಂದು ದಿನ ಅಳೆದು ನೋಡಿದೆ. ನಮ್ಮ ಒಂದು ಕಾಫಿ, ಸಕ್ಕರೆ ನೊರೆ ಎಲ್ಲ ಸೇರಿ, 110 ಎಂಎಲ್. ಅದನ್ನು ಸರಿಯಾಗಿ ಅರ್ಧ ಮಾಡಿದರೆ ಕಪ್ಪಿಗೆ 55. ಕಪ್ಪಿನ ತಳದಲ್ಲಿ ಅಷ್ಟೇ ಅಷ್ಟು ಕಾಣುವಾಗ ಕೈ ತಡೆಯುವುದಿಲ್ಲ, ಎರಡಕ್ಕೂ 70 ಬೀಳುತ್ತದೆ. ಜೊತೆಗೆ ಎರಡು ಪೇಪರ್ ಕಪ್. ಖರ್ಚು 12ರಿಂದ 16 ದಾಟಿತು. 20ಕ್ಕೆ ಕೊಟ್ಟರೆ ಉಳಿಕೆ ಅರ್ಧಕ್ಕೆ ಅರ್ಧ. 24 ಮಾಡಿದರೆ ಮಾಮೂಲಿ ಕಾಫಿಯಷ್ಟೇ ಉಳಿಯುತ್ತದೆ. ಹಿಂದೆಯಾದರೆ ಚಿಲ್ಲರೆಗೆ ಹೆದರಿ ಐದರ ಲೆಕ್ಕದಲ್ಲೇ ದರ ಇಡಬೇಕಿತ್ತು. ಈಗ ಹೆಚ್ಚಿನವರು ಫೋನಿನಲ್ಲೇ ದುಡ್ಡು ಹಾಕುವುದರಿಂದ 24 ಅಂತ ಧೈರ್ಯವಾಗಿ ಬರೆಯಬಹುದು.

ಈ ಲೆಕ್ಕ ತಪ್ಪುತ್ತಿದೆ ಅಂತ ಗೊತ್ತಾಗುವುದು ಹೇಗೆ? ರಾತ್ರಿ ಬಾಗಿಲು ಹಾಕುವ ಮುಂಚೆ ಎರಡೇ ಎಣಿಸುತ್ತೇನೆ. ಕತ್ತರಿಸಿದ ಹಾಲಿನ ಪ್ಯಾಕೆಟ್ ಎಷ್ಟು, ಖರ್ಚಾದ ಪೇಪರ್ ಕಪ್ ಎಷ್ಟು. ಕ್ಯಾಪುಚಿನೊ ಹಾಲು ಬೇರೆ ಡಬ್ಬದಲ್ಲಿ ಇರುತ್ತದೆ, ಅದನ್ನು ಇದಕ್ಕೆ ಸೇರಿಸುವುದಿಲ್ಲ. ಲೀಟರಿಗೆ 11 ಕಪ್ ಬಂದರೆ ಸರಿ. ಒಂದು ವಾರ ಅದು 9ಕ್ಕೆ ಇಳಿದಿತ್ತು. ಹುಡುಗನ ಮೇಲೆ ಅನುಮಾನ ಪಟ್ಟೆ, ಪಾಪ. ನೋಡಿದರೆ ಡಿಕಾಕ್ಷನ್ ಹಾಕುವ ಹಳೆಯ ಅಳತೆ ಸೌಟು ಕಳೆದು, ಅವನು ದೊಡ್ಡ ಸೌಟಿನಲ್ಲಿ ಹಾಕುತ್ತಿದ್ದ. ಡಿಕಾಕ್ಷನ್ ಜಾಸ್ತಿಯಾಯಿತು, ಅದಕ್ಕೆ ತಕ್ಕ ಹಾಗೆ ಹಾಲೂ ಜಾಸ್ತಿ ಸುರಿದ. 25 ಎಂಎಲ್‌ನ ಹೊಸ ಸೌಟಿಗೆ 40 ರೂಪಾಯಿ ಕೊಟ್ಟೆ. ಮಾರನೇ ದಿನವೇ 11ಕ್ಕೆ ಬಂತು.

ಕೊನೆಗೆ, ದರ ಯಾವಾಗ ಏರಿಸಬೇಕು ಅನ್ನುವುದು. 2024ರಲ್ಲಿ ಬ್ರೆಜಿಲ್, ವಿಯೆಟ್ನಾಂ ಕಡೆ ಮಳೆ ಕೈಕೊಟ್ಟಿತು, ನಮ್ಮ ಪುಡಿಯ ಬೆಲೆಯೂ ಹತ್ತಿತು. ಆಗ ಕೆಲವರು ಸುಮ್ನೆ ಚಿಕೋರಿ ಹೆಚ್ಚು ಮಾಡಿಕೊಂಡರು. ಕಾಫಿ 51 ಪರ್ಸೆಂಟಿಗಿಂತ ಕಡಿಮೆ ಇರಬಾರದು ಅಂತ ಕಾನೂನಿದೆ, ಅಲ್ಲಿಯವರೆಗೆ ಇಳಿಸಿದರೆ ತಪ್ಪೇನಿಲ್ಲ. ಆದರೆ ಬಣ್ಣ ಕಪ್ಪಗಿದ್ದರೂ ಘಮ ಹೋಗುತ್ತದೆ, ದಿನಾ ಕುಡಿಯುವವರಿಗೆ ಮೂರನೇ ದಿನಕ್ಕೆ ತಿಳಿಯುತ್ತದೆ. ನನ್ನ ಗೋಡೆಯ ಮೇಲೆ ಎರಡು ಸಾಲು ಬರೆದುಕೊಂಡಿದ್ದೇನೆ. ಪುಡಿ ಕೆಜಿಗೆ 100 ರೂಪಾಯಿ ಏರಿದರೆ ಕಪ್ಪಿಗೆ 83 ಪೈಸೆ. ಹಾಲು ಲೀಟರಿಗೆ 4 ಏರಿದರೆ ಕಪ್ಪಿಗೆ 36 ಪೈಸೆ. ಎರಡೂ ಸೇರಿ ಎರಡು ರೂಪಾಯಿ ಮುಟ್ಟುವವರೆಗೆ ನಾನು ಬೋರ್ಡು ಮುಟ್ಟುವುದಿಲ್ಲ. ಮುಟ್ಟಿದ ದಿನ 20ನ್ನು ಅಳಿಸಿ 22 ಬರೆಯುತ್ತೇನೆ, ಬೈ ಟೂ 24ನ್ನು 27 ಮಾಡುತ್ತೇನೆ. ಗಿರಾಕಿ ಕೇಳಿದರೆ ಗೋಡೆಯ ಕಡೆ ಕೈ ತೋರಿಸುತ್ತೇನೆ.

ನಮಸ್ಕಾರ.