ತಿಂಗಳ ನಡುವೆ ಮನೆಪಾಠ ನಿಲ್ಲಿಸಿದರೆ ಲೆಕ್ಕ ಹೇಗೆ?

ಕೇಳುಗರಿಗೆ ನಮಸ್ಕಾರ.

ಹಾಲು ಬಾರದ ದಿನ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಮನೆಗಳಲ್ಲೂ ಟ್ಯೂಷನ್ನಿನ ಲೆಕ್ಕ ಮಾತ್ರ ಬಾಯಲ್ಲೇ ಇರುತ್ತದೆ. ಜೂನಿನಲ್ಲಿ ‘ವಾರಕ್ಕೆ ಮೂರು ದಿನ, ತಿಂಗಳಿಗೆ ಇಷ್ಟು’ ಎಂದು ಮಾತಾಗಿರುತ್ತದೆ, ಅಷ್ಟೆ. ಎಲ್ಲವೂ ಸರಿಯಾಗಿ ನಡೆಯುವಾಗ ಅಷ್ಟು ಸಾಕು. ವರ್ಷದ ನಡುವೆ, ಅದೂ ತಿಂಗಳು ಮುಗಿಯುವ ಮೊದಲೇ, ಮೇಷ್ಟ್ರನ್ನು ಬಿಡಿಸಬೇಕಾಗಿ ಬಂದಾಗ ಆ ಒಂದು ಮಾತಿನಿಂದ ಲೆಕ್ಕ ಹುಟ್ಟುವುದಿಲ್ಲ. ಕೊಡಬೇಕಾದದ್ದು ಎಷ್ಟು, ಅದನ್ನು ಹೇಳುವುದು ಹೇಗೆ ಎಂಬುದು ಇವತ್ತಿನ ವಿಷಯ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಎಸ್‌ಎಸ್‌ಎಲ್‌ಸಿ ಓದುವ ಹುಡುಗಿ. ಗಣಿತ ಹೇಳಿಕೊಡಲು ಮೇಷ್ಟ್ರು ಸೋಮವಾರ, ಬುಧವಾರ, ಶುಕ್ರವಾರ ಸಂಜೆ ಮನೆಗೆ ಬರುತ್ತಾರೆ. ತಿಂಗಳಿಗೆ 4,800 ರೂಪಾಯಿ, ಕೊಡುವುದು ತಿಂಗಳ ಕೊನೆಗೆ. 2025ರ ನವೆಂಬರ್ 19, ಬುಧವಾರ, ಪಾಠ ನಿಲ್ಲಿಸಲು ಮನೆಯವರು ತೀರ್ಮಾನಿಸಿದ್ದಾರೆ ಎಂದುಕೊಳ್ಳಿ.

ಎಲ್ಲರಿಗೂ ಮೊದಲು ಹೊಳೆಯುವ ಲೆಕ್ಕ ದಿನದ್ದು: 30 ದಿನಕ್ಕೆ 4,800, ಹಾಗಾದರೆ 19 ದಿನಕ್ಕೆ 3,040. ನೋಡಲು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಮೇಷ್ಟ್ರು ದಿನಗೂಲಿಗೆ ಬಂದವರಲ್ಲ, ಪಾಠಕ್ಕೆ ಬಂದವರು. ದಿನದ ಲೆಕ್ಕದಲ್ಲಿ ಪಾಠವೇ ಇಲ್ಲದ ಶನಿವಾರ, ಭಾನುವಾರಗಳೂ ಸೇರುತ್ತವೆ, ತಪ್ಪಿದ ಪಾಠವೂ ನಡೆದ ಪಾಠವೂ ಒಂದೇ ಆಗಿಬಿಡುತ್ತವೆ. ಒಂದು ತಿಂಗಳು ಅದರಿಂದ ಮೇಷ್ಟ್ರಿಗೆ ನಷ್ಟ, ಇನ್ನೊಂದು ತಿಂಗಳು ಮನೆಯವರಿಗೆ.

ಲೆಕ್ಕ ಹಿಡಿಯಬೇಕಾದದ್ದು ಪಾಠದಿಂದ. ಆ ನವೆಂಬರಿನಲ್ಲಿ ಸೋಮ, ಬುಧ, ಶುಕ್ರ ಸೇರಿ 12 ಪಾಠ ಬರುತ್ತವೆ. 4,800ನ್ನು 12ರಿಂದ ಭಾಗಿಸಿದರೆ ಪಾಠಕ್ಕೆ 400 ರೂಪಾಯಿ. ಕೆಲವು ತಿಂಗಳಲ್ಲಿ 13 ಪಾಠ ಬೀಳುತ್ತವೆ, ಕೆಲವೊಮ್ಮೆ 14. ಆಗ ಯಾವುದರಿಂದ ಭಾಗಿಸಬೇಕು? ಆರಂಭದಲ್ಲೇ ‘ತಿಂಗಳಿಗೆ 12 ಪಾಠ’ ಎಂದು ಮಾತಾಗಿದ್ದರೆ 12ರಿಂದಲೇ. ಅಂಥ ಮಾತು ಇಲ್ಲದಿದ್ದರೆ ನಿಲ್ಲಿಸುವ ತಿಂಗಳಲ್ಲಿ ನಿಜಕ್ಕೂ ಎಷ್ಟು ಪಾಠ ಬೀಳಬೇಕಿತ್ತೋ ಅದರಿಂದ.

ಇನ್ನು ಎಣಿಕೆ. 19ನೇ ತಾರೀಖಿನವರೆಗೆ ಬರಬೇಕಿದ್ದದ್ದು ಎಂಟು ಪಾಠ: 3, 5, 7, 10, 12, 14, 17, 19. ಜಗಳ ಏಳುವುದು ಇವುಗಳಲ್ಲಿ ತಪ್ಪಿದವುಗಳ ಬಗ್ಗೆ. 5ರಂದು ಮಗಳು ಶಾಲೆಯ ಆಟೋಟದಿಂದ ಸುಸ್ತಾಗಿ ಬಂದಳು. ಮನೆಯವರು ‘ಇವತ್ತು ಬೇಡ ಸರ್’ ಎಂದು ಫೋನ್ ಮಾಡುವಷ್ಟರಲ್ಲಿ ಮೇಷ್ಟ್ರು ಅರ್ಧ ದಾರಿಯಲ್ಲಿದ್ದರು. ಈ ಪಾಠದ ದುಡ್ಡು ಪೂರ್ತಿ ಕೊಡಬೇಕು, ಯಾಕೆಂದರೆ ಆ ಸಂಜೆಯನ್ನು ಅವರು ಇನ್ಯಾರಿಗೂ ಕೊಡಲಾರರು. 12ರಂದು ಮೇಷ್ಟ್ರಿಗೇ ಜ್ವರ, ಅದು ಲೆಕ್ಕಕ್ಕಿಲ್ಲ. ಆದರೆ ಅದರ ಬದಲಿಗೆ 16ರ ಭಾನುವಾರ ಬಂದು ಪಾಠ ಮಾಡಿದ್ದಾರೆ, ಅದು ಲೆಕ್ಕಕ್ಕಿದೆ. ಈ ಬದಲಿ ಪಾಠವನ್ನು ಮರೆಯುವವರೇ ಹೆಚ್ಚು, ಅದು ವಾಡಿಕೆಯ ದಿನ ಅಲ್ಲವಲ್ಲ! 14ರಂದು ಮನೆಯವರೆಲ್ಲ ಮದುವೆಗೆ ಹೋಗಿದ್ದರು, ಅದನ್ನು ವಾರದ ಮೊದಲೇ ತಿಳಿಸಿದ್ದರು. ಅದಕ್ಕೆ ಕೊಡಬೇಕಿಲ್ಲ.

ಹಾಗಾದರೆ ನಡೆದದ್ದು 3, 7, 10, 16, 17, 19, ಒಟ್ಟು ಆರು. ಕೊನೇ ಗಳಿಗೆಯಲ್ಲಿ ಬೇಡವೆಂದ 5ನೇ ತಾರೀಖಿನದು ಸೇರಿದರೆ ಏಳು. ಏಳು ನಾನೂರಲೆ 2,800 ರೂಪಾಯಿ. ದಿನದ ಲೆಕ್ಕಕ್ಕಿಂತ 240 ಕಡಿಮೆ ಬಂತು, ನಿಜ. ಆದರೆ ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ.

ಮುಂದಿನ ಪ್ರಶ್ನೆ ಮುಂಗಡ ಸೂಚನೆಯದು. ಟ್ಯೂಷನ್ ಹೇಳುವವರಿಗೆ ಮಕ್ಕಳು ಸಿಗುವುದು ಶಾಲೆ ಶುರುವಾಗುವ ಹೊತ್ತಿಗೆ. ನವೆಂಬರಿನಲ್ಲಿ ಹತ್ತನೇ ತರಗತಿಯ ಮಕ್ಕಳೆಲ್ಲ ಎಲ್ಲೋ ಒಂದು ಕಡೆ ಸೇರಿಬಿಟ್ಟಿರುತ್ತಾರೆ. ನಿಮ್ಮ ಮನೆಗೆಂದು ಇಟ್ಟಿದ್ದ ಮೂರು ಸಂಜೆ ಖಾಲಿ ಬಿದ್ದರೆ ಬೇಗ ತುಂಬುವುದಿಲ್ಲ. ಜೂನಿನಲ್ಲಿ ನೋಟಿಸಿನ ಅವಧಿ ಮಾತಾಗಿದ್ದರೆ ಅದರಂತೆ ನಡೆಯಬೇಕು. ಮಾತಾಗಿರದಿದ್ದರೂ ಕನಿಷ್ಠ ಒಂದು ವಾರ ಕೊಡುವುದು ಸರಿ. ನಮ್ಮ ಉದಾಹರಣೆಯಲ್ಲಿ ಆ ವಾರ ಎಂದರೆ 21, 24, 26ರ ಮೂರು ಪಾಠ. ಅವನ್ನು ನಡೆಸಿಬಿಡುವುದೇ ಒಳ್ಳೆಯದು, ಅರ್ಧಕ್ಕೆ ನಿಂತ ಅಧ್ಯಾಯವಾದರೂ ಮುಗಿಯುತ್ತದೆ. ಮಗಳು ಕೂರಲು ಒಪ್ಪದಿದ್ದರೆ ಪಾಠವಿಲ್ಲದೆಯೇ 1,200 ಕೊಡಿ. ಆಗ ಒಟ್ಟು 4,000. ತಿಂಗಳ ಆರಂಭದಲ್ಲೇ 4,800 ಕೊಟ್ಟಿದ್ದವರಿಗೆ 800 ವಾಪಸು ಬರಬೇಕು. ಕೇಳುವುದಾದರೆ ನಿಲ್ಲಿಸುವ ವಿಷಯ ಹೇಳುವಾಗಲೇ ಕೇಳಿ. ಹದಿನೈದು ದಿನ ಬಿಟ್ಟು ನೆನಪಿಸಿದರೆ ಅದು ಆರೋಪದ ಹಾಗೆ ಕೇಳಿಸುತ್ತದೆ.

ಮಗಳಿಗೆ ಅಂಕ ಬರಲಿಲ್ಲ ಎಂದು ಇದರಲ್ಲಿ ಮುರಿದುಕೊಳ್ಳುವಂತಿಲ್ಲ. ಕೊಡುವ ದುಡ್ಡು ಬಂದು ಕಲಿಸಿದ್ದಕ್ಕೆ, ಅಂಕಕ್ಕಲ್ಲ. ಒಂದೂವರೆ ಗಂಟೆಯ ಪಾಠವನ್ನು ದಿನವೂ ಐವತ್ತು ನಿಮಿಷಕ್ಕೆ ಮುಗಿಸುತ್ತಿದ್ದರು ಎಂಬಂಥ ದೂರು ಬೇರೆ. ಅದನ್ನು ಆಗಾಗಲೇ ಹೇಳಬೇಕಿತ್ತು. ಐದು ತಿಂಗಳು ಸುಮ್ಮನಿದ್ದು ಕೊನೇ ಲೆಕ್ಕದಲ್ಲಿ ತೆಗೆದರೆ ಯಾರೂ ಒಪ್ಪುವುದಿಲ್ಲ. ‘ಕಾಗದ ಏನೂ ಇಲ್ಲವಲ್ಲ’ ಎನ್ನುವವರೂ ಇದ್ದಾರೆ. ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. 1872ರ ಭಾರತೀಯ ಕರಾರು ಕಾಯ್ದೆಯ 70ನೇ ಸೆಕ್ಷನ್ ಪ್ರಕಾರ, ಬಿಟ್ಟಿಯಾಗಿ ಮಾಡುವ ಉದ್ದೇಶವಿಲ್ಲದೆ ಒಬ್ಬರು ನ್ಯಾಯವಾಗಿ ಮಾಡಿದ ಕೆಲಸದ ಲಾಭ ಪಡೆದವರು ಅದಕ್ಕೆ ತಕ್ಕದ್ದನ್ನು ಕೊಡಬೇಕು. ನಾಲ್ಕು ಸಾವಿರಕ್ಕೆ ಕೋರ್ಟಿಗೆ ಯಾರು ಹೋಗುತ್ತಾರೆ ಎಂಬುದು ಬೇರೆ ಮಾತು.

ಮೇಷ್ಟ್ರನ್ನು ಗೊತ್ತು ಮಾಡಿದ್ದು ಏಜೆನ್ಸಿಯ ಮೂಲಕವಾದರೆ ಅವರ ಷರತ್ತು ಮೊದಲು ಓದಿ. ದುಡ್ಡು ಹೋಗುತ್ತಿದ್ದದ್ದು ಏಜೆನ್ಸಿಗೆ ಎಂದಾದರೆ ಕೊನೇ ಲೆಕ್ಕವೂ ಅವರ ಜೊತೆಗೇ. ಮೇಷ್ಟ್ರ ಕೈಗೆ ಬೇರೆ ಕೊಟ್ಟರೆ ಎರಡು ಸಲ ಕೊಟ್ಟಂತಾಗಬಹುದು.

ವಿಷಯ ತಿಳಿಸುವುದು ಫೋನಿನಲ್ಲಿ, ಪಾಠವಿಲ್ಲದ ಹೊತ್ತಿನಲ್ಲಿ, ಮಗಳ ಎದುರಿಗಲ್ಲ. ಉದ್ದ ಬೇಡ. ‘ಸರ್, ಈ 26ರ ನಂತರ ಪಾಠ ನಿಲ್ಲಿಸೋಣ ಅಂತ ತೀರ್ಮಾನ ಮಾಡಿದ್ದೇವೆ. ಅವಳಿಗೆ ಇನ್ನೂ ಸ್ವಲ್ಪ ನಿಧಾನವಾಗಿ ಹೇಳಿಕೊಡುವವರು ಬೇಕಾಗಿದೆ. ನಿಮ್ಮ ಲೆಕ್ಕ ನಾನು ಬರೆದಿಟ್ಟಿದ್ದೇನೆ, ಕಳಿಸುತ್ತೇನೆ, ಒಮ್ಮೆ ನೋಡಿ.’ ‘ಊರು ಬಿಡುತ್ತಿದ್ದೇವೆ’ ಎಂಬ ನೆಪ ಹೇಳಿದರೆ ಮುಂದಿನ ವಾರ ಸಂತೆಯಲ್ಲೇ ಎದುರಾಗುತ್ತಾರೆ. ಆಮೇಲೆ ತಾರೀಖುಗಳ ಪಟ್ಟಿಯನ್ನು ವಾಟ್ಸಾಪಿನಲ್ಲಿ ಕಳಿಸಿ. ಅವರು ‘9ರಂದೂ ಬಂದಿದ್ದೆನಲ್ಲ’ ಎಂದರೆ ಮಗಳ ನೋಟ್‌ಬುಕ್ಕಿನಲ್ಲಿ ಆ ತಾರೀಖಿನ ಲೆಕ್ಕಗಳಿವೆಯೇ ನೋಡಿ. ಇದ್ದರೆ ಸೇರಿಸಿ. ಇಲ್ಲದಿದ್ದರೂ ಒಂದು ಪಾಠದ ಅನುಮಾನವನ್ನು ಅವರ ಪರವಾಗಿಯೇ ಬಗೆಹರಿಸುವುದು ಮೇಲು. ಇಬ್ಬರೂ ಒಪ್ಪಿದ ದಿನವೇ ದುಡ್ಡು ಹಾಕಿಬಿಡಿ. ಯುಪಿಐ ಮಾಡುವಾಗ ಕೆಳಗಿನ ಟಿಪ್ಪಣಿಯಲ್ಲಿ ‘ನವೆಂಬರ್, 7 ಪಾಠ, ನೋಟಿಸ್ 3’ ಎಂದು ಬರೆದರೆ ಮುಂದೆ ಮಾತೇ ಬೇಕಾಗುವುದಿಲ್ಲ. ಮಗಳ ಕೈಯಲ್ಲಿ ಲಕೋಟೆ ಕೊಟ್ಟು ಕಳಿಸಬೇಡಿ.

ಕೊನೆಯ ಪಾಠದ ದಿನ ಅವರು ಕೊಟ್ಟಿದ್ದ ಗೈಡು, ಹಳೇ ಪ್ರಶ್ನೆಪತ್ರಿಕೆಗಳನ್ನು ಹುಡುಕಿ ಒಂದು ಚೀಲದಲ್ಲಿಟ್ಟು ಕೊಡಿ. ಯಾವ ಅಧ್ಯಾಯಗಳು ಮುಗಿದಿವೆ, ಯಾವುದರಲ್ಲಿ ಎಲ್ಲಿಗೆ ನಿಂತಿದೆ, ಮಗಳು ಎಲ್ಲಿ ಎಡವುತ್ತಾಳೆ ಎಂದು ಅವರಿಂದಲೇ ಅರ್ಧ ಪುಟ ಬರೆಸಿಕೊಳ್ಳಿ. ಬಾಕಿ ತೀರಿಸಿದ ಮೇಲೆ ಕೇಳಿದರೆ ಸಾಮಾನ್ಯವಾಗಿ ಇಲ್ಲ ಎನ್ನುವುದಿಲ್ಲ. ಹೊಸಬರು ಬಂದ ದಿನ ಆ ಪುಟವನ್ನೇ ಮೊದಲು ಅವರ ಕೈಗಿಡಿ. ನಮಸ್ಕಾರ.