ಗಿರ್ಮಿಟ್ ಸಾಲನ್ನು ಅಳಿಸಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹೊಸ ಗಿರಾಕಿಯನ್ನು ಮೊದಲ ಸಲ ಕಂಡು ಬಂದಮೇಲೆ ಧನ್ಯವಾದ ಹೇಳಿ ಒಂದು ಇಮೇಲ್ ಕಳಿಸುವ ರೂಢಿ ಈಗ ಸಣ್ಣ ಊರಿನ ಆಫೀಸುಗಳಲ್ಲೂ ಇದೆ. ಅದನ್ನು ಬರೆಯುವುದು ಅಷ್ಟು ಕಷ್ಟವಲ್ಲ. ತಿದ್ದುವುದು ಕಷ್ಟ. ತಪ್ಪು ತೆಗೆಯಲು ಹೋಗಿ ಅದರಲ್ಲಿದ್ದ ಆತ್ಮೀಯತೆಯನ್ನೂ ತೆಗೆದುಬಿಡುತ್ತೇವೆ. ಇವತ್ತು ಅಂಥ ಒಂದೇ ಒಂದು ಇಮೇಲನ್ನು ಇಟ್ಟುಕೊಂಡು ನಿಧಾನವಾಗಿ ತಿದ್ದೋಣ.

ಊರು ಧಾರವಾಡ. ಮನೆ ಮಾಳಿಗೆಯ ಮೇಲೆ ಸೋಲಾರ್ ಹಾಕಿಕೊಡುವ ಚಿಕ್ಕ ಸಂಸ್ಥೆ. ಅಲ್ಲಿ ಹೊಸದಾಗಿ ಸೇರಿದ ಹುಡುಗ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ ಮನೆಗೆ ಹೋಗಿ ಅಳತೆ ತೆಗೆದುಕೊಂಡು ಬಂದ. ಮಾರನೇ ದಿನ ಈ ಇಮೇಲ್ ಬರೆದ. ಓದುತ್ತೇನೆ, ಕೇಳಿ.

ವಿಷಯ ಎಂಬ ಜಾಗದಲ್ಲಿ "ಹಾಯ್ ಸರ್" ಎಂದಿದೆ. ಆಮೇಲೆ: "ಮಾನ್ಯರೇ, ನಿನ್ನೆ ತಮ್ಮ ಮನೆಗೆ ಬೇಟಿ ನೀಡಲು ಅವಕಾಶ ಮಾಡಿಕೊಟ್ಟು ತಮ್ಮ ಅತ್ಯಮೂಲ್ಯ ಸಮಯವನ್ನು ವಿನಿಯೋಗಿಸಿದ್ದಕ್ಕಾಗಿ ತುಂಬು ಹೃದಯದ ಅನಂತಾನಂತ ದನ್ಯವಾದಗಳು!!! ಅವ್ವಾರು ಕೊಟ್ಟ ಗಿರ್ಮಿಟ್ ಭಾಳ ಚಲೋ ಇತ್ತು. ಸೋಲಾರ್ ಹಾಕಿದ ಮೇಲೆ ಹಪ್ಪಳ ಒಣಗಿಸೋಕೆ ಜಾಗ ಉಳಿಯುತ್ತಾ ಅಂತ ಅವರು ಕೇಳಿದ್ದು ನೆನಪಿದೆ. ನೀವೇನೂ ಚಿಂತೆ ಮಾಡಬೇಡಿ ಸರ್, ನಿಮ್ಮ ಕರೆಂಟ್ ಬಿಲ್ ಸೊನ್ನೆ ಮಾಡುವ ಜವಾಬ್ದಾರಿ ನಮ್ಮದು. ಸಬ್ಸಿಡಿ ಒಂದೇ ತಿಂಗಳಲ್ಲಿ ಬರುತ್ತೆ. ಕೊಟೇಶನ್ ಆದಷ್ಟು ಬೇಗ ಕಳಿಸ್ತೀವಿ. ತಾವು ನಾಳೆಯೇ ಅಡ್ವಾನ್ಸ್ ಕೊಟ್ಟರೆ ಕೆಲಸ ಶುರು ಮಾಡಬಹುದು. ಇಂತಿ ತಮ್ಮ ವಿಧೇಯ."

ಕಳಿಸುವ ಮೊದಲು ಅವನು ಇದನ್ನು ಆಫೀಸಿನ ಹಿರಿಯರಿಗೆ ತೋರಿಸಿದ. ಅವರು ತಿದ್ದಿ ಕೊಟ್ಟಿದ್ದು ಇಷ್ಟೇ: "ನಿಮ್ಮ ಸಮಯಕ್ಕೆ ಧನ್ಯವಾದಗಳು. ಕೊಟೇಶನ್ ಅನ್ನು ಶೀಘ್ರದಲ್ಲೇ ಕಳುಹಿಸಲಾಗುವುದು."

ಒಂದೂ ಕಾಗುಣಿತದ ತಪ್ಪಿಲ್ಲ. ಆದರೆ ಈ ಎರಡು ಸಾಲನ್ನು ಧಾರವಾಡದ ಯಾವ ಮನೆಗಾದರೂ ಕಳಿಸಬಹುದು, ಅಲ್ವಾ? ಗಿರ್ಮಿಟ್ ಹೋಯಿತು, ಹಪ್ಪಳ ಹೋಯಿತು. ಯಾರು ಕಳಿಸುತ್ತಾರೆ, ಯಾವತ್ತು ಕಳಿಸುತ್ತಾರೆ ಎಂಬುದೂ ಇಲ್ಲ. ಮೊದಲನೆಯದರಲ್ಲಿ ಕಡೇಪಕ್ಷ ಒಬ್ಬ ಮನುಷ್ಯ ಇದ್ದ. ನನ್ನ ಮಾತು ಕೇಳುವುದಾದರೆ, ತಿದ್ದುವವರು ಮೊದಲು ಮಾಡಬೇಕಾದ ಕೆಲಸ ಅಳಿಸುವುದಲ್ಲ. ಇಡೀ ಇಮೇಲನ್ನು ಓದಿ, ಈ ಗಿರಾಕಿಗೆ ಮಾತ್ರ ಬರೆಯಬಹುದಾದ ಸಾಲು ಯಾವುದು ಎಂದು ಹುಡುಕಿ, ಅದರ ಕೆಳಗೆ ಗೆರೆ ಎಳೆಯಬೇಕು. ಇಲ್ಲಿ ಅವು ಗಿರ್ಮಿಟ್‌ ಸಾಲು ಮತ್ತು ಹಪ್ಪಳದ ಸಾಲು. ಇವೆರಡನ್ನು ಅಳಿಸುವಂತಿಲ್ಲ. ಉಳಿದದ್ದೆಲ್ಲ ತಿದ್ದುಪಡಿಗೆ ಸಿದ್ಧ.

ಈಗ ಶುರು ಮಾಡೋಣ. ಕಾಗುಣಿತದ ಕೆಲಸ ಬೇಗ ಮುಗಿಯುತ್ತದೆ. "ಬೇಟಿ", "ದನ್ಯವಾದ" ಎರಡರಲ್ಲೂ ಮಹಾಪ್ರಾಣ ಬಿಟ್ಟುಹೋಗಿದೆ. ಹುಡುಗನಿಗೆ ಕನ್ನಡ ಬರುವುದಿಲ್ಲ ಎಂದಲ್ಲ. ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವಾಗ `d` ಆದಮೇಲೆ `h` ಒತ್ತಲು, `b` ಆದಮೇಲೆ `h` ಒತ್ತಲು ಬೆರಳು ಮರೆಯುತ್ತದೆ. ಅವಸರದಲ್ಲಿ ಬರೆದ ಇಮೇಲ್‌ನಲ್ಲಿ ಮೊದಲು ನೋಡಬೇಕಾದದ್ದು ಭ, ಧ, ಥ, ಘ ಬರುವ ಜಾಗಗಳನ್ನೇ. ಮೂರು ಆಶ್ಚರ್ಯಸೂಚಕ ಚಿಹ್ನೆಗಳ ಜಾಗಕ್ಕೆ ಒಂದು ಪೂರ್ಣವಿರಾಮ ಸಾಕು.

ಇನ್ನು ತಾವು ಮತ್ತು ನೀವು. ಇಮೇಲ್ "ತಮ್ಮ ಮನೆ" ಎಂದು ಶುರುವಾಗಿ, ನಡುವೆ "ನೀವೇನೂ ಚಿಂತೆ ಮಾಡಬೇಡಿ" ಎಂದಾಗಿ, ಕೊನೆಗೆ ಮತ್ತೆ "ತಾವು" ಆಗುತ್ತದೆ. ಓದುವವರಿಗೆ ಇಬ್ಬರು ಬರೆದಂತೆ ಕಾಣುತ್ತದೆ. ನಿನ್ನೆ ಮಾಳಿಗೆಯ ಮೇಲೆ ನಿಂತು ಮಾತಾಡುವಾಗ ಅವನು "ನೀವು, ಸರ್" ಎಂದೇ ಮಾತಾಡಿದ್ದ. ಇಮೇಲ್‌ನಲ್ಲೂ ಅದೇ ಇರಲಿ. ಗೌರವ ಕಡಿಮೆಯಾಗುವುದಿಲ್ಲ. "ಕಳಿಸ್ತೀವಿ" ಎಂಬ ಆಡುಮಾತಿನ ಪಕ್ಕದಲ್ಲೇ "ವಿನಿಯೋಗಿಸಿದ್ದಕ್ಕಾಗಿ" ಎಂದು ಬರುವುದೂ ಇದೇ ಬಗೆಯ ತೊಡಕು. "ಕಳಿಸುತ್ತೇನೆ" ಎಂದರೆ ಎರಡಕ್ಕೂ ನಡುವಿನ ದಾರಿ ಸಿಗುತ್ತದೆ.

ಮೊದಲ ವಾಕ್ಯವನ್ನು ಗಮನಿಸಿ. ಅತ್ಯಮೂಲ್ಯ, ತುಂಬು ಹೃದಯ, ಅನಂತಾನಂತ. ಹುಡುಗನಿಗೆ ನಿಜವಾಗಿಯೂ ಖುಷಿಯಾಗಿದೆ, ಅದಕ್ಕೇ ಇಷ್ಟು ದೊಡ್ಡ ಮಾತು. ಆದರೆ ಯಾವುದಕ್ಕೆ ಧನ್ಯವಾದ ಎಂಬುದು ಈ ಮಾತುಗಳ ಅಡಿಯಲ್ಲಿ ಹೂತುಹೋಗಿದೆ. ಅವನನ್ನೇ ಕೇಳಿದೆ: ಅವರು ನಿನಗಾಗಿ ಏನು ಮಾಡಿದರಪ್ಪ? "ಎಪ್ಪತ್ತು ದಾಟಿದವರು ಸರ್, ಮಧ್ಯಾಹ್ನದ ಬಿಸಿಲಲ್ಲಿ ನನ್ನ ಜೊತೆ ಮಾಳಿಗೆ ಹತ್ತಿದರು. ಟೇಪಿನ ಇನ್ನೊಂದು ತುದಿ ಅವರೇ ಹಿಡಿದುಕೊಂಡರು" ಎಂದ. ನೋಡಿ, ಇಷ್ಟು ಒಳ್ಳೆಯ ವಿಷಯ ಇಮೇಲ್‌ನಲ್ಲಿ ಇರಲೇ ಇಲ್ಲ! ಆ ಮೂರು ವಿಶೇಷಣ ತೆಗೆದು ಟೇಪು ಹಿಡಿದದ್ದನ್ನು ಹಾಕಿದರೆ ವಾಕ್ಯ ಚಿಕ್ಕದಾಗುತ್ತದೆ, ಧನ್ಯವಾದ ದೊಡ್ಡದಾಗುತ್ತದೆ.

ಇಲ್ಲಿಂದ ಮುಂದೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ಈ ಇಮೇಲ್‌ನ ದೊಡ್ಡ ತಪ್ಪು ಕಾಗುಣಿತದ್ದಲ್ಲ. "ಬಿಲ್ ಸೊನ್ನೆ ಮಾಡುವ ಜವಾಬ್ದಾರಿ ನಮ್ಮದು", "ಸಬ್ಸಿಡಿ ಒಂದೇ ತಿಂಗಳಲ್ಲಿ ಬರುತ್ತೆ" ಎಂಬ ಎರಡು ಮಾತುಗಳಿವೆಯಲ್ಲ, ತಪ್ಪು ಇರುವುದು ಅಲ್ಲಿ. ಧೈರ್ಯ ತುಂಬಲು ಪ್ರೀತಿಯಿಂದ ಹೇಳಿದ ಮಾತು, ನಿಜ. ಎದುರಿಗೆ ಕೂತು ಹೇಳಿದ್ದರೆ ಸಮಾಧಾನದ ಮಾತಾಗಿ ಮುಗಿಯುತ್ತಿತ್ತು. ಇಮೇಲ್‌ಗೆ ಬಂತೆಂದರೆ ಅದು ಬರಹದಲ್ಲಿ ಕೊಟ್ಟ ಭರವಸೆ. ಓದುತ್ತಿರುವವರು ಇಡೀ ನೌಕರಿಯಲ್ಲಿ ಸಾಲದ ಪತ್ರಗಳನ್ನು ಓದಿದವರು.

ಸೋಲಾರ್ ಹಾಕಿಸಿ ವಿದ್ಯುತ್ ಪೂರ್ತಿ ಮನೆಯಲ್ಲೇ ಉತ್ಪಾದನೆಯಾದರೂ ಬಿಲ್‌ನಲ್ಲಿ ನಿಗದಿತ ಶುಲ್ಕ ಎಂಬುದೊಂದು ಇರುತ್ತದೆ. ಅದನ್ನು ಪ್ಯಾನಲ್ ಅಳಿಸಲಾರದು. ಮಳೆಗಾಲದಲ್ಲಿ ಉತ್ಪಾದನೆಯೂ ಕಡಿಮೆ. ಹಾಗಾಗಿ ಸೊನ್ನೆ ಎಂಬ ಮಾತು ಉಳಿಯುವುದಿಲ್ಲ. ಇನ್ನು ಸಬ್ಸಿಡಿ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ಅದು ಕೆಲಸ ಮುಗಿದು, ಮನೆಗೆ ಬಂದ ಮತ್ತು ಮನೆಯಿಂದ ಹೊರಗೆ ಹೋದ ವಿದ್ಯುತ್ ಎರಡನ್ನೂ ಅಳೆಯುವ ನೆಟ್ ಮೀಟರ್ ಕೂತು, ತಪಾಸಣೆ ಆದಮೇಲೆ ನೇರ ಗಿರಾಕಿಯ ಬ್ಯಾಂಕ್ ಖಾತೆಗೆ ಬರುತ್ತದೆ. ದಿನ ಗೊತ್ತುಮಾಡುವುದು ಮಾರುವವರ ಕೈಯಲ್ಲಿ ಇಲ್ಲ. ಕೈಯಲ್ಲಿರುವುದು ಅರ್ಜಿಗೆ ಸಹಾಯ ಮಾಡುವುದು. ಹಾಗಾದರೆ ಅದನ್ನೇ ಹೇಳಬೇಕು. "ನಾವು ಜೊತೆಗಿರುತ್ತೇವೆ" ಎಂಬ ಭಾವ ಉಳಿಯುತ್ತದೆ, ಸುಳ್ಳಾಗುವ ಭಯ ಇರುವುದಿಲ್ಲ.

ಇನ್ನೊಂದು ವಿಷಯ ಬಹಳ ಜನಕ್ಕೆ ಹೊಳೆಯುವುದಿಲ್ಲ. ಈ ಇಮೇಲನ್ನು ಆ ಹಿರಿಯರು ಒಬ್ಬರೇ ಓದುವುದಿಲ್ಲ. ಬೆಂಗಳೂರಿನಲ್ಲಿರುವ ಮಗನಿಗೆ ಕಳಿಸುತ್ತಾರೆ. ಅವನು ನಾಲ್ಕು ದಿನ ಬಿಟ್ಟು ತೆರೆಯಬಹುದು. ಅವನು ಭೇಟಿಯ ದಿನ ಮನೆಯಲ್ಲಿ ಇರಲಿಲ್ಲ. "ನಿನ್ನೆ", "ನಾಳೆ", "ಆದಷ್ಟು ಬೇಗ" ಎಂದರೆ ಅವನಿಗೆ ಏನೂ ತಿಳಿಯುವುದಿಲ್ಲ. ವಾರ, ತಾರೀಕು ಬರೆಯಬೇಕು. "ಹಾಯ್ ಸರ್" ಎಂಬ ವಿಷಯವನ್ನು ಎರಡು ತಿಂಗಳ ನಂತರ ಯಾರೂ ಹುಡುಕಿ ತೆಗೆಯಲಾರರು.

ಅಡ್ವಾನ್ಸ್ ಸಾಲನ್ನು ಮಾತ್ರ ನಾನು ಪೂರ್ತಿ ತೆಗೆದುಹಾಕಿಸಿದೆ. ಊಟಕ್ಕೆ ಕರೆದವರ ಮನೆಯಲ್ಲಿ ಕೈ ತೊಳೆಯುವ ಮೊದಲೇ ದುಡ್ಡಿನ ಮಾತು ಎತ್ತಿದ ಹಾಗೆ ಆಗುತ್ತದೆ ಅದು. ಹಣದ ವಿವರಕ್ಕೆ ಕೊಟೇಶನ್ ಇದೆ. ಹಾಗೆಂದು ಗಿರಾಕಿಯಿಂದ ಏನನ್ನೂ ಕೇಳಬಾರದು ಎಂದಲ್ಲ. ಒಂದೇ ಒಂದು ಸಣ್ಣ ಕೆಲಸ ಕೇಳಬಹುದು, ಕೇಳಲೇಬೇಕು. ಇಲ್ಲದಿದ್ದರೆ ಉತ್ತರ ಬರೆಯಲು ಅವರಿಗೆ ಕಾರಣವೇ ಇರುವುದಿಲ್ಲ.

ಹಪ್ಪಳದ ಸಾಲಿಗೆ ಬರುತ್ತೇನೆ. ಅದನ್ನು ಉಳಿಸಬೇಕು ಎಂದೆ. ಆದರೆ ಇದ್ದ ಹಾಗೆ ಉಳಿಸಿದರೆ ಸಾಲದು. ಅವ್ವ ಕೇಳಿದ್ದು ಪ್ರಶ್ನೆ. ಹುಡುಗ "ನೆನಪಿದೆ" ಎಂದು ಬರೆದನೇ ಹೊರತು ಉತ್ತರ ಕೊಡಲಿಲ್ಲ. ಅವನ ಅಳತೆ ಪುಸ್ತಕದಲ್ಲಿ ಉತ್ತರ ಇತ್ತು. 3 ಕಿಲೋವ್ಯಾಟ್‌ಗೆ ಸುಮಾರು 300 ಚದರ ಅಡಿ ನೆರಳಿಲ್ಲದ ಜಾಗ ಬೇಕು. ಮೆಟ್ಟಿಲ ಪಕ್ಕದಲ್ಲಿ ಬೆಳಗ್ಗೆ ತೆಂಗಿನ ಮರದ ನೆರಳು ಬೀಳುತ್ತದೆ, ಅಲ್ಲಿ ಹೇಗಿದ್ದರೂ ಪ್ಯಾನಲ್ ಕೂರಿಸುವುದಿಲ್ಲ. ಹಪ್ಪಳಕ್ಕೆ ಅದೇ ಜಾಗ!

ಎಲ್ಲ ಸೇರಿಸಿ ಅವನು ಮತ್ತೆ ಬರೆದ ಇಮೇಲ್ ಇದು.

ವಿಷಯ: "ಮಾಳಿಗೆ ಸೋಲಾರ್: ಸೋಮವಾರದ ಭೇಟಿಗೆ ಧನ್ಯವಾದ, ಕೊಟೇಶನ್ 14ಕ್ಕೆ."

"ನಮಸ್ಕಾರ ಸರ್. ಸೋಮವಾರ, 10ನೇ ತಾರೀಕು, ಅಷ್ಟು ಬಿಸಿಲಲ್ಲೂ ನನ್ನ ಜೊತೆ ಮಾಳಿಗೆ ಹತ್ತಿ, ಟೇಪು ಹಿಡಿದು ಅಳತೆಗೆ ನೆರವಾದಿರಿ. ತುಂಬಾ ಧನ್ಯವಾದಗಳು. ಗಿರ್ಮಿಟ್ ಭಾಳ ಚಲೋ ಇತ್ತು ಎಂದು ದಯವಿಟ್ಟು ಅವ್ವಾರಿಗೆ ತಿಳಿಸಿ. ಹಪ್ಪಳ ಒಣಗಿಸಲು ಜಾಗ ಉಳಿಯುತ್ತದೆಯೇ ಎಂದು ಅವರು ಕೇಳಿದ್ದರು. ಉಳಿಯುತ್ತದೆ. ಮೆಟ್ಟಿಲ ಪಕ್ಕದಲ್ಲಿ ಬೆಳಗ್ಗೆ ತೆಂಗಿನ ಮರದ ನೆರಳು ಇರುವುದರಿಂದ ಅಲ್ಲಿ ಪ್ಯಾನಲ್ ಹಾಕುವುದಿಲ್ಲ. ಹತ್ತು ಗಂಟೆಯ ಮೇಲೆ ಅಲ್ಲಿ ಒಳ್ಳೆಯ ಬಿಸಿಲು ಬರುತ್ತದೆ.

ಬಿಲ್ ಎಷ್ಟು ಇಳಿಯಬಹುದು ಎಂಬುದನ್ನು ನಿಮ್ಮ ಹಿಂದಿನ 12 ತಿಂಗಳ ಬಿಲ್ ನೋಡಿ ಲೆಕ್ಕ ಹಾಕುತ್ತೇನೆ. ನಿಗದಿತ ಶುಲ್ಕ ಮಾತ್ರ ಮುಂದೆಯೂ ಇರುತ್ತದೆ. 3 ಕಿಲೋವ್ಯಾಟ್‌ನ 78,000 ರೂಪಾಯಿ ಸಬ್ಸಿಡಿ ಕೆಲಸ ಮುಗಿದು ತಪಾಸಣೆ ಆದಮೇಲೆ ನೇರ ನಿಮ್ಮ ಖಾತೆಗೆ ಬರುತ್ತದೆ. ಅರ್ಜಿ ತುಂಬುವುದರಿಂದ ಹಿಡಿದು ಕೊನೆಯವರೆಗೂ ನಾನು ಜೊತೆಗಿರುತ್ತೇನೆ. ಬಿಲ್‌ಗಳ ಫೋಟೋವನ್ನು ಗುರುವಾರದೊಳಗೆ ಕಳಿಸಿದರೆ, ಶುಕ್ರವಾರ 14ನೇ ತಾರೀಕು ಸಂಜೆಯೊಳಗೆ ಕೊಟೇಶನ್ ನಾನೇ ಕಳಿಸುತ್ತೇನೆ. ವಂದನೆಗಳೊಂದಿಗೆ." ಕೆಳಗೆ ಅವನ ಹೆಸರು, ಫೋನ್ ನಂಬರ್.

"ಭಾಳ ಚಲೋ" ಎಂಬುದನ್ನು "ಬಹಳ ಚೆನ್ನಾಗಿ" ಎಂದು ನಾನು ತಿದ್ದಲಿಲ್ಲ. ಅವ್ವ ಅದನ್ನು ಓದಿಸಿಕೊಂಡು ಕೇಳುತ್ತಾರೆ. ಅವರ ಊರಿನ ಮಾತು ಅದು. ಬೇರೆ ಸಾಲುಗಳೆಲ್ಲ ಬರಹದ ಕನ್ನಡದಲ್ಲಿ ಸರಿಯಾಗಿರುವಾಗ ಆ ಎರಡು ಶಬ್ದ ತಪ್ಪಾಗಿ ಕಾಣುವುದಿಲ್ಲ, ಬೇಕೆಂದೇ ಬರೆದದ್ದು ಎಂದು ತಿಳಿಯುತ್ತದೆ.

ಕಳಿಸುವ ಸಮಯ ಭೇಟಿಯ ದಿನ ಸಂಜೆ ಅಥವಾ ಮಾರನೇ ದಿನ ಬೆಳಗ್ಗೆ. ಮೂರು ದಿನ ತಡವಾದರೆ ಧನ್ಯವಾದವೂ ತಗಾದೆಯ ಹಾಗೆ ಕೇಳುತ್ತದೆ. ವಿಳಾಸವನ್ನು ಎಲ್ಲಕ್ಕಿಂತ ಕೊನೆಗೆ ತುಂಬಿ, ಅರ್ಧ ಬರೆದದ್ದು ಕೈತಪ್ಪಿ ಹೋಗುವುದಿಲ್ಲ. ಗುರುವಾರದ ಹೊತ್ತಿಗೆ ಬಿಲ್ ಬರದಿದ್ದರೆ ಇನ್ನೊಂದು ಇಮೇಲ್ ಬೇಡ, ಒಂದು ಫೋನ್ ಮಾಡಿ. ಎಪ್ಪತ್ತು ದಾಟಿದವರಿಗೆ ಹನ್ನೆರಡು ಫೋಟೋ ತೆಗೆದು ಕಳಿಸುವುದು ತೊಡಕಾಗಿರಬಹುದು. ಬಿಲ್ ಮೇಲಿರುವ ಗ್ರಾಹಕ ಸಂಖ್ಯೆ ಓದಿ ಹೇಳಿ ಎಂದರೂ ಕೆಲಸ ಮುಂದಕ್ಕೆ ಹೋಗುತ್ತದೆ.

ನಮಸ್ಕಾರ.